ಮ್ಯಾನೇಜರ್ ಓದುವ ಅರ್ಧ ಪುಟ: ಶ್ವೇತಪತ್ರದ ಸಾರಾಂಶವನ್ನು ತಿದ್ದುವುದು ಹೇಗೆ?

ಶ್ವೇತಪತ್ರ 18 ಪುಟ ಇರಲಿ, 40 ಪುಟ ಇರಲಿ, ಹಣಕ್ಕೆ ಒಪ್ಪಿಗೆ ಕೊಡುವವರು ಓದುವುದು ಹೆಚ್ಚಾಗಿ ಮೊದಲಿನ ಸಾರಾಂಶವನ್ನೇ. ಉಳಿದ ಪುಟಗಳನ್ನು ಅವರ ಎಂಜಿನಿಯರ್ ನೋಡುತ್ತಾರೆ, ಲೆಕ್ಕದವರು ನೋಡುತ್ತಾರೆ. ಹಾಗಾಗಿ ಆ ಅರ್ಧ ಪುಟದಲ್ಲಿ ಮೂರು ವಿಷಯ ಸಿಗಲೇಬೇಕು. ಏನು ಗೊತ್ತಾಯಿತು, ಅದು ನಿಜ ಅಂತ ಹೇಗೆ ಗೊತ್ತಾಯಿತು, ಈಗ ನಾನೇನು ಮಾಡಬೇಕು. ನಾನು ಇಲ್ಲಿ ಹೇಳುತ್ತಿರುವುದು ಸರ್ಕಾರ ಸದನದಲ್ಲಿ ಮಂಡಿಸುವ ಶ್ವೇತಪತ್ರದ ಬಗ್ಗೆ ಅಲ್ಲ. ಕಂಪನಿಗಳು, ಸಲಹೆಗಾರರು, ತಾಂತ್ರಿಕ ತಂಡಗಳು ಒಂದು ಸಮಸ್ಯೆ ಹಿಡಿದು, ಪರೀಕ್ಷೆ ಮಾಡಿ, ದಾರಿ ಸೂಚಿಸಿ ಬರೆಯುವ ವರದಿಯ ಬಗ್ಗೆ.

ಕಲಬುರಗಿಯಲ್ಲಿ ಕೂತು ಬರೆಯುವಾಗ ದಾಲ್ ಮಿಲ್‌ಗಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ. ಒಂದು ಮಿಲ್ಲನ್ನು ಊಹಿಸಿಕೊಳ್ಳೋಣ. ದರ, ತೂಕ, ಲಾಭದ ಅಂಕಿಗಳೆಲ್ಲ ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಕೆಲಸದ ವಿಧಾನ ಮಾತ್ರ ನಿಜದ್ದು.

ತೊಗರಿಯ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ತೆಳು ಪದರ ಇರುತ್ತದೆ. ಅದಕ್ಕೇ ಮಿಲ್‌ನಲ್ಲಿ ಮೊದಲು ಕಾಳಿನ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಹಚ್ಚಿ, ಅಂಗಳದಲ್ಲಿ ಹರವಿ ಕೆಲವು ದಿನ ಬಿಸಿಲಿಗೆ ಒಣಗಿಸುತ್ತಾರೆ. ಸ್ವಲ್ಪ ನೀರು ಚಿಮುಕಿಸಿ ರಾತ್ರಿ ರಾಶಿ ಹಾಕಿ ಬಿಡುವುದೂ ಉಂಟು. ಅಂಟು ಸಡಿಲವಾದ ಮೇಲೆ ಸಿಪ್ಪೆ ತೆಗೆದು ಬೇಳೆ ಒಡೆಯುತ್ತಾರೆ. ಅಂಟು ಸರಿಯಾಗಿ ಸಡಿಲವಾಗದಿದ್ದರೆ ಕಾಳನ್ನು ಜಾಸ್ತಿ ಉಜ್ಜಬೇಕಾಗುತ್ತದೆ. ಆಗ ಬೇಳೆಯೂ ಸವೆದು ನುಚ್ಚು, ಪುಡಿ ಹೆಚ್ಚಾಗುತ್ತದೆ. ನಮ್ಮ ಊಹೆಯ ಮಿಲ್‌ನ ತಾಂತ್ರಿಕ ತಂಡ ಅಂಗಳದ ಬದಲು ಡ್ರೈಯರ್ ಬಳಸಿದರೆ ಹೇಗೆ ಅಂತ ಪರೀಕ್ಷೆ ಮಾಡಿ 18 ಪುಟದ ಶ್ವೇತಪತ್ರ ಬರೆದಿದೆ. ಅದರ ಸಾರಾಂಶದ ಮೊದಲ ಕರಡು ಹೀಗಿದೆ:

"ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಪ್ರಸಿದ್ಧವಾಗಿದ್ದು, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುತ್ತದೆ. ಬೇಳೆ ಉದ್ಯಮದಲ್ಲಿ ಸ್ಪರ್ಧೆ ದಿನೇ ದಿನೇ ಹೆಚ್ಚುತ್ತಿರುವ ಹಿನ್ನೆಲೆಯಲ್ಲಿ ಒಣಗಿಸುವಿಕೆಯ ವಿವಿಧ ವಿಧಾನಗಳನ್ನು ತುಲನಾತ್ಮಕವಾಗಿ ಅಧ್ಯಯನ ಮಾಡಲಾಗಿದ್ದು, ಯಾಂತ್ರಿಕ ಒಣಗಿಸುವಿಕೆಯಿಂದ ಇಳುವರಿಯಲ್ಲಿ ಶೇ. 3.5ರಷ್ಟು ಗಣನೀಯ ಹೆಚ್ಚಳ ಕಂಡುಬಂದಿದ್ದು, ಇದರಿಂದ ವಾರ್ಷಿಕ ಸುಮಾರು 70 ಲಕ್ಷ ರೂ. ಲಾಭ ನಿರೀಕ್ಷಿಸಬಹುದಾಗಿದೆ. ಈ ದಿಸೆಯಲ್ಲಿ ಹೆಚ್ಚಿನ ಅಧ್ಯಯನದ ಅಗತ್ಯವಿದ್ದು, ಆಡಳಿತ ವರ್ಗವು ಸೂಕ್ತ ಕ್ರಮ ಕೈಗೊಳ್ಳುವುದನ್ನು ಪರಿಗಣಿಸಬಹುದಾಗಿದೆ."

ಇದರಲ್ಲಿ ವ್ಯಾಕರಣದ ತಪ್ಪು ಹುಡುಕಿದರೆ ಸಿಗುವುದಿಲ್ಲ. ಆದರೂ ಮ್ಯಾನೇಜರ್‌ಗೆ ಇದರಿಂದ ಏನೂ ಸಿಗುವುದಿಲ್ಲ. ಇದನ್ನು ತಿದ್ದಲು ಕೂತಾಗ ಬಹಳ ಜನ ಸುಮ್ನೆ ವಾಕ್ಯಗಳನ್ನು ಚಿಕ್ಕದು ಮಾಡುತ್ತಾರೆ, ಒಂದೆರಡು ಪದ ಬದಲಿಸುತ್ತಾರೆ. ನನ್ನ ಪ್ರಕಾರ ಆ ಕೆಲಸ ಕೊನೆಗೆ ಬರಬೇಕು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಇದನ್ನು ಓದುವವರು ಓದಿದ ಮೇಲೆ ಯಾವುದಕ್ಕೆ ಹೂಂ ಅಥವಾ ಉಹೂಂ ಅನ್ನಬೇಕು?

ಮಿಲ್ ಮ್ಯಾನೇಜರ್ ಬೆಳಗ್ಗೆ ಗಂಜ್ ಮಾರುಕಟ್ಟೆಯಲ್ಲಿ ಟೆಂಡರ್ ನೋಡಬೇಕು, ಲಾರಿಯವರ ಫೋನ್ ಎತ್ತಬೇಕು, ಅಡತಿಯವರಿಗೆ ಹಣ ಕಳಿಸಬೇಕು. ಅದರ ನಡುವೆ ನೀವು ವರದಿ ಮುಂದಿಟ್ಟರೆ ಅವರು ಕೇಳುವುದು ಇಷ್ಟೇ: "ಎಷ್ಟ್ ರೊಕ್ಕ ಬೇಕು, ಯಾವಾಗ ವಾಪಸ್ ಬರ್ತದ, ಅಷ್ಟ್ ಹೇಳ್ರಿ." ಅವರ ಮುಂದಿರುವ ನಿರ್ಧಾರ ಒಂದು ಡ್ರೈಯರ್ ಕೊಳ್ಳಬೇಕೋ ಬೇಡವೋ ಅನ್ನುವುದು. ತಿದ್ದುವವರು ಇದನ್ನು ಒಂದು ಸಾಲಿನಲ್ಲಿ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಕರಡಿನ ಪ್ರತಿ ವಾಕ್ಯವನ್ನೂ ಅದಕ್ಕೆ ಹಿಡಿದು ನೋಡಬೇಕು. ತೊಗರಿಯ ಕಣಜ, ಭೌಗೋಳಿಕ ಸೂಚಕ, ಸ್ಪರ್ಧೆ ಇವೆಲ್ಲ ನಿಜವೇ. ಆದರೆ ಕಲಬುರಗಿಯ ಮಿಲ್ ಮ್ಯಾನೇಜರ್‌ಗೆ ಅವು ಗೊತ್ತಿಲ್ಲದ್ದೇನಲ್ಲ. ಅವನ್ನು ತೆಗೆದರೆ ನಿರ್ಧಾರ ಬದಲಾಗುತ್ತದೆಯೇ? ಇಲ್ಲ. ಹಾಗಾದರೆ ಅವು ಒಳಗಿನ ಪೀಠಿಕೆಯಲ್ಲಿ ಇರಲಿ.

ನಿರ್ಧಾರ ಯಾವುದು ಅಂತ ಗೊತ್ತಾದ ಮೇಲೆ ವರದಿಯ ಒಳಪುಟಗಳಿಗೆ ಹೋಗಬೇಕು. ಇದು ತಿದ್ದುವ ಕೆಲಸದ ಅತಿ ಮುಖ್ಯ ಭಾಗ. ಹೆಚ್ಚಿನವರು ಬಿಟ್ಟುಬಿಡುವ ಭಾಗವೂ ಇದೇ. ಸಾರಾಂಶದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಒಳಗೆ ಯಾವ ಪುಟದಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪುಟ ಸಿಗದ ಅಂಕಿ ಸಾರಾಂಶದಲ್ಲಿ ನಿಲ್ಲಬಾರದು.

ನಮ್ಮ ಕರಡಿನ ಎರಡು ಅಂಕಿಗಳನ್ನೇ ನೋಡೋಣ. ಮೊದಲನೆಯದು ಶೇ. 3.5. ಒಳಗಿನ ಕೋಷ್ಟಕದಲ್ಲಿ ಇರುವುದು ಇಷ್ಟು: ಅಂಗಳದಲ್ಲಿ ಒಣಗಿಸಿದ ತೊಗರಿಯಿಂದ ಕ್ವಿಂಟಲ್‌ಗೆ 71 ಕೆಜಿ ಬೇಳೆ ಬಂತು, ಡ್ರೈಯರ್‌ನಲ್ಲಿ ಒಣಗಿಸಿದ್ದರಿಂದ 73.5 ಕೆಜಿ ಬಂತು. 71ಕ್ಕೆ 2.5 ಸೇರಿದರೆ ಅದು 71ರ ಶೇ. 3.5ರಷ್ಟು ಏರಿಕೆ. ಲೆಕ್ಕ ತಪ್ಪಲ್ಲ. ಆದರೆ ಓದುವವರು 100 ಕೆಜಿ ತೊಗರಿಗೆ 3.5 ಕೆಜಿ ಬೇಳೆ ಹೆಚ್ಚು ಅಂತ ತಿಳಿದುಕೊಳ್ಳುತ್ತಾರೆ, ಅಲ್ವಾ? ನಿಜವಾಗಿ ಸಿಕ್ಕಿದ್ದು 2.5 ಕೆಜಿ. ಶೇಕಡಾವಾರಿನಲ್ಲೇ ಇರುವ ಒಂದು ಅಳತೆ ಏರಿದಾಗ ಈ ಗೊಂದಲ ಪ್ರತಿ ಸಲವೂ ಬರುತ್ತದೆ. ದಾರಿ ಸುಲಭ. ಶೇಕಡಾ ಬಿಟ್ಟು ಓದುವವರು ದಿನವೂ ತೂಗುವ ಅಳತೆಗೆ ಬನ್ನಿ. "ಕ್ವಿಂಟಲ್‌ಗೆ 2.5 ಕೆಜಿ ಬೇಳೆ ಜಾಸ್ತಿ" ಅಂದರೆ ಯಾರಿಗೂ ಎರಡು ಅರ್ಥ ಬರುವುದಿಲ್ಲ.

ಎರಡನೆಯದು 70 ಲಕ್ಷ. ಇದರ ಕಥೆ ಸ್ವಲ್ಪ ಉದ್ದ. ಮಿಲ್ ವರ್ಷಕ್ಕೆ 30,000 ಕ್ವಿಂಟಲ್ ತೊಗರಿ ಅರೆಯುತ್ತದೆ ಅಂತ ಇಟ್ಟುಕೊಳ್ಳಿ. ಬೇಳೆಗೆ ಕೆಜಿಗೆ 110 ರೂಪಾಯಿ. ಹೆಚ್ಚುವರಿ 2.5 ಕೆಜಿಗೆ 275 ರೂಪಾಯಿ ಆಯಿತು. ಡ್ರೈಯರ್‌ನ ಉರುವಲು, ಕರೆಂಟಿಗೆ ಕ್ವಿಂಟಲ್‌ಗೆ 60 ರೂಪಾಯಿ ಬೇಕು, ಅಂಗಳದ ಕೂಲಿಯಲ್ಲಿ 20 ರೂಪಾಯಿ ಉಳಿಯುತ್ತದೆ, ಅಂದರೆ 40 ರೂಪಾಯಿ ಹೆಚ್ಚಿನ ಖರ್ಚು. ಅದನ್ನು ಕಳೆದರೆ 235. ಇದನ್ನು 30,000ಕ್ಕೆ ಗುಣಿಸಿದರೆ 70.5 ಲಕ್ಷ. ಕರಡಿನ ಅಂಕಿ ಹೀಗೆ ಬಂದಿದೆ.

ಇಲ್ಲೊಂದು ಲೋಪವಿದೆ. ಈ 2.5 ಕೆಜಿ ಮೊದಲು ಗಾಳಿಯಲ್ಲಿ ಹೋಗುತ್ತಿರಲಿಲ್ಲ. ನುಚ್ಚು, ಪುಡಿಯಾಗಿ ದನದ ಮೇವಿಗೆ ಕೆಜಿಗೆ 30 ರೂಪಾಯಿಗೆ ಮಾರಾಟವಾಗುತ್ತಿತ್ತು. ಹಾಗಾಗಿ ಕೆಜಿಗೆ ನಿಜವಾದ ಲಾಭ 80 ರೂಪಾಯಿ ಮಾತ್ರ. 2.5 ಕೆಜಿಗೆ 200 ರೂಪಾಯಿ, ಖರ್ಚು ಕಳೆದು 160, ವರ್ಷಕ್ಕೆ 48 ಲಕ್ಷ. ವರದಿಯ ಒಳಗಿನ ಲೆಕ್ಕದಲ್ಲಿ ಈ 48 ಲಕ್ಷವೇ ಇದೆ. ಅದನ್ನು ಯಾರೋ ಸರಿಪಡಿಸಿದ್ದಾರೆ, ಸಾರಾಂಶದಲ್ಲಿ ಮಾತ್ರ ಹಳೆಯ ಕರಡಿನ ಅಂಕಿ ಉಳಿದುಬಿಟ್ಟಿದೆ. ಸಾರಾಂಶವನ್ನು ಮೊದಲೇ ಬರೆದಿಟ್ಟು ಆಮೇಲೆ ಒಳಗಿನ ಲೆಕ್ಕ ಬದಲಿಸಿದಾಗ ಹೀಗಾಗುವುದು ತೀರಾ ಸಾಮಾನ್ಯ. ಮಿಲ್ ನಡೆಸುವವರಿಗೆ ನುಚ್ಚಿನ ಬೆಲೆ ಬಾಯಲ್ಲೇ ಇರುತ್ತದೆ. 70 ಲಕ್ಷ ನೋಡಿದ ಕೂಡಲೇ ಅವರಿಗೆ ಅನುಮಾನ ಬರುತ್ತದೆ. ಆಮೇಲೆ ಉಳಿದ 17 ಪುಟಗಳನ್ನೂ ನಂಬುವುದಿಲ್ಲ.

ಇನ್ನು ಪುರಾವೆ. ಕರಡಿನಲ್ಲಿ "ತುಲನಾತ್ಮಕವಾಗಿ ಅಧ್ಯಯನ ಮಾಡಲಾಗಿದ್ದು" ಅಂತ ಮಾತ್ರ ಇದೆ. ಯಾರು ಮಾಡಿದರು, ಎಷ್ಟು ಮಾಲಿನ ಮೇಲೆ, ಯಾವಾಗ? ಒಳಗೆ ನೋಡಿದರೆ ಪರೀಕ್ಷೆ ಚೆನ್ನಾಗಿಯೇ ಆಗಿದೆ. 6 ಲಾಟ್ ತೊಗರಿ ತೆಗೆದುಕೊಂಡು ಪ್ರತಿ ಲಾಟನ್ನೂ ಎರಡು ಪಾಲು ಮಾಡಿದ್ದಾರೆ. ಒಂದು ಪಾಲು ಅಂಗಳಕ್ಕೆ, ಇನ್ನೊಂದು ಡ್ರೈಯರ್‌ಗೆ. ಈ ಪಾಲು ಮಾಡಿದ ವಿಷಯವೇ ಪುರಾವೆಯ ಜೀವ. ಜೇವರ್ಗಿ ಕಡೆಯ ಮಾಲು ಅಂಗಳಕ್ಕೆ, ಆಳಂದ ಕಡೆಯ ಮಾಲು ಡ್ರೈಯರ್‌ಗೆ ಹಾಕಿದ್ದರೆ ವ್ಯತ್ಯಾಸ ಮಾಲಿನದ್ದೋ ಯಂತ್ರದ್ದೋ ಅಂತ ಹೇಳಲು ಆಗುತ್ತಿರಲಿಲ್ಲ. ಸಾರಾಂಶದಲ್ಲಿ ಪುರಾವೆಗೆ ಜಾಗ ಎರಡು ಮೂರು ವಾಕ್ಯ ಅಷ್ಟೇ. ಆ ಜಾಗವನ್ನು ಇಂಥದ್ದಕ್ಕೆ ಕೊಡಬೇಕು. ಡ್ರೈಯರ್‌ನ ಉಷ್ಣತೆ, ತೇವಾಂಶ ಅಳೆದ ಮೀಟರಿನ ಮಾದರಿ, ಎಣ್ಣೆಯ ಪ್ರಮಾಣ ಇವೆಲ್ಲ ಎಂಜಿನಿಯರ್‌ಗೆ ಬೇಕು, ಒಳಗೆ ಇರಲಿ.

ಸರಾಸರಿ ಒಂದನ್ನೇ ಕೊಟ್ಟರೂ ಸಾಲದು. 6 ಲಾಟ್‌ಗಳಲ್ಲಿ 5ರಲ್ಲಿ ಡ್ರೈಯರ್ ಮುಂದಿತ್ತು. ಒಂದರಲ್ಲಿ ಹಿಂದೆ ಬಿತ್ತು, ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ನಷ್ಟ. ಆ ಲಾಟ್ ಬರುವಾಗಲೇ ಚೆನ್ನಾಗಿ ಒಣಗಿತ್ತು, ಮತ್ತೆ ಬಿಸಿ ಕೊಟ್ಟಾಗ ಬೇಳೆ ಒಡೆಯಿತು ಅಂತ ಒಳಗೆ ಬರೆದಿದ್ದಾರೆ. ಬರೆದವರಿಗೆ ಇದನ್ನು ಸಾರಾಂಶದಲ್ಲಿ ಹೇಳಲು ಹಿಂಜರಿಕೆ ಇರುತ್ತದೆ. ಶಿಫಾರಸು ದುರ್ಬಲವಾಗುತ್ತದೆ ಅನ್ನುವ ಭಯ. ನಾನು ಇದನ್ನು ಒಪ್ಪುವುದಿಲ್ಲ. ಯಾವ ಮಾಲಿಗೆ ಡ್ರೈಯರ್ ಬೇಡ ಅಂತ ಹೇಳಬಲ್ಲ ತಂಡದ ಮಾತಿಗೆ ತೂಕ ಜಾಸ್ತಿ. ಮೇಲಾಗಿ ಮ್ಯಾನೇಜರ್‌ಗೆ ಇದು ನೇರವಾಗಿ ಉಪಯೋಗದ ಮಾತು. ಮಾಲು ಬಂದಾಗ ಗೇಟಿನಲ್ಲೇ ತೇವಾಂಶ ನೋಡಿ ಬೇರೆ ಮಾಡಬೇಕು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಪರೀಕ್ಷೆ ನಡೆದದ್ದು ಜನವರಿ, ಫೆಬ್ರವರಿಯಲ್ಲಿ. ಆಗ ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ, ಅಂಗಳದಲ್ಲಿ ಒಣಗಿಸಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಂಗಳದ ಕೆಲಸ ಕೆಡುತ್ತದೆ, ಹಾಗಾಗಿ ಡ್ರೈಯರ್‌ನ ಲಾಭ ಹೆಚ್ಚಬಹುದು. ಆದರೆ ಒದ್ದೆ ಹವೆಯಲ್ಲಿ ಉರುವಲೂ ಜಾಸ್ತಿ ಸುಡುತ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆ ಅಂತ ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ. ಕರಡಿನ "ಹೆಚ್ಚಿನ ಅಧ್ಯಯನದ ಅಗತ್ಯವಿದ್ದು" ಅನ್ನುವ ಮಾತಿನ ಹಿಂದೆ ಇರುವುದು ಇದೇ. ಅದನ್ನು ಬಿಡಿಸಿ ಹೇಳದೆ ಮುಚ್ಚಿಟ್ಟಂತಾಗಿದೆ. ಯಾವ ಅಧ್ಯಯನ, ಯಾವಾಗ, ಅದರ ಫಲಿತಾಂಶ ಎಷ್ಟು ಬಂದರೆ ನಿರ್ಧಾರ ಬದಲಾಗುತ್ತದೆ ಅಂತ ಹೇಳಿದಾಗ ಮಾತ್ರ ಆ ವಾಕ್ಯಕ್ಕೆ ಅರ್ಥ.

ಇಲ್ಲಿ ತಿದ್ದುವವರಿಗೆ ಒಂದು ಗಡಿ ಇದೆ. ಶಿಫಾರಸನ್ನು ನಾವೇ ಹುಟ್ಟಿಸಬಾರದು. ಬರೆದವರನ್ನು ಕೇಳಬೇಕು. "ಮಳೆಗಾಲದಾಗ ಎಷ್ಟ್ ಲಾಟ್ ನೋಡಿದ್ರೆ ನಿಮಗ ಧೈರ್ಯ ಬರ್ತದ್ರೀ? ಎಷ್ಟ್ ಕೆಜಿಗಿಂತ ಕಮ್ಮಿ ಬಂದ್ರೆ ಬ್ಯಾಡ ಅಂತೀರಿ?" ನಮ್ಮ ಉದಾಹರಣೆಯಲ್ಲಿ ಉತ್ತರ ವರದಿಯ ಕೊನೆಯಲ್ಲೇ ಅಡಗಿದೆ. ಯಂತ್ರದ ಬೆಲೆ 36 ಲಕ್ಷ. 2 ವರ್ಷದೊಳಗೆ ಬಂಡವಾಳ ವಾಪಸ್ ಬರಬೇಕು ಅನ್ನುವುದು ಮಾಲೀಕರ ನಿಯಮ. ಅಂದರೆ ವರ್ಷಕ್ಕೆ 18 ಲಕ್ಷ, ಕ್ವಿಂಟಲ್‌ಗೆ 60 ರೂಪಾಯಿ ಉಳಿಯಬೇಕು. 40 ರೂಪಾಯಿ ಖರ್ಚು ಸೇರಿಸಿದರೆ 100 ರೂಪಾಯಿ ದುಡಿಯಬೇಕು. ಕೆಜಿಗೆ 80ರಂತೆ ಅದು 1.25 ಕೆಜಿ ಬೇಳೆ. ಒಂದೂಕಾಲು ಕೆಜಿ ಅನ್ನುವ ಈ ಒಂದು ಅಂಕಿ ಮ್ಯಾನೇಜರ್ ತಲೆಯಲ್ಲಿ ಇಟ್ಟುಕೊಳ್ಳಬಹುದಾದ್ದು. ಗೇಟಿನಲ್ಲಿ ನಿಂತೇ ಲೆಕ್ಕ ಹಾಕಬಹುದು.

ಈಗ ಭಾಷೆಗೆ ಬರೋಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ಆಗಿದ್ದು, ಮಾಡಲಾಗಿದ್ದು, ಕಂಡುಬಂದಿದ್ದು" ಅಂತ ಸರಪಳಿ ಹೆಣೆದರೆ ಓದುವವರು ಮುಖ್ಯ ಮಾತಿಗಾಗಿ ನಾಲ್ಕು ಸಾಲು ಕಾಯಬೇಕು. ಕಚೇರಿ ಕನ್ನಡದಲ್ಲಿ ಈ ಚಾಳಿ ಬಹಳ. ಪ್ರತಿ "ದ್ದು," ಕಂಡಲ್ಲಿ ವಾಕ್ಯ ಮುರಿದು ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. "ಮಾಡಲಾಗಿದೆ" ಇದ್ದಲ್ಲಿ ಮಾಡಿದವರನ್ನು ಹೇಳಿ. "ಗಣನೀಯ" ಇದ್ದಲ್ಲಿ ಅಂಕಿ ಬರೆಯಿರಿ. "ಪರಿಗಣಿಸಬಹುದಾಗಿದೆ" ಇದ್ದಲ್ಲಿ ಕೊಳ್ಳಿ ಅಥವಾ ಕೊಳ್ಳಬೇಡಿ ಅಂತ ಹೇಳಿ.

ಕಾಲದ ಬಗ್ಗೆಯೂ ಎಚ್ಚರ ಬೇಕು. "2.5 ಕೆಜಿ ಜಾಸ್ತಿ ಸಿಗುತ್ತದೆ" ಅಂದರೆ ಅದು ಭರವಸೆ. "ಸಿಕ್ಕಿತು" ಅಂದರೆ ಪರೀಕ್ಷೆಯ ಫಲ. 6 ಲಾಟ್ ನೋಡಿದವರಿಗೆ ಹೇಳುವ ಹಕ್ಕು ಇರುವುದು ಎರಡನೆಯದನ್ನು ಮಾತ್ರ.

ಇಷ್ಟೆಲ್ಲ ಆದ ಮೇಲೆ ಸಾರಾಂಶ ಹೀಗೆ ಬರುತ್ತದೆ:

"ತೊಗರಿಯನ್ನು ಅಂಗಳದ ಬದಲು ಡ್ರೈಯರ್‌ನಲ್ಲಿ ಒಣಗಿಸಿದಾಗ ಕ್ವಿಂಟಲ್‌ಗೆ ಸರಾಸರಿ 2.5 ಕೆಜಿ ಬೇಳೆ ಜಾಸ್ತಿ ಸಿಕ್ಕಿತು. 36 ಲಕ್ಷ ರೂಪಾಯಿಯ ಒಂದು ಡ್ರೈಯರ್ ಕೊಳ್ಳಲು ಶಿಫಾರಸು ಮಾಡುತ್ತೇವೆ, ಆದರೆ ಆರ್ಡರ್ ಕೊಡುವ ಮೊದಲು ಮಳೆಗಾಲದ ಪರೀಕ್ಷೆ ಆಗಬೇಕು.

"ಜನವರಿ, ಫೆಬ್ರವರಿಯಲ್ಲಿ 6 ಲಾಟ್ ತೊಗರಿಯನ್ನು ತಲಾ ಎರಡು ಪಾಲು ಮಾಡಿ ಎರಡೂ ವಿಧಾನದಲ್ಲಿ ಒಣಗಿಸಿದೆವು. ಬೇಳೆ ಅಂಗಳದ ಪಾಲಿನಿಂದ ಕ್ವಿಂಟಲ್‌ಗೆ 71 ಕೆಜಿ, ಡ್ರೈಯರ್ ಪಾಲಿನಿಂದ 73.5 ಕೆಜಿ ಬಂತು. 5 ಲಾಟ್‌ಗಳಲ್ಲಿ ಡ್ರೈಯರ್ ಮುಂದಿತ್ತು. ಮೊದಲೇ ಚೆನ್ನಾಗಿ ಒಣಗಿದ್ದ 1 ಲಾಟ್‌ನಲ್ಲಿ ಬೇಳೆ ಒಡೆದು ನಷ್ಟವಾಯಿತು. ಅಂಥ ಮಾಲನ್ನು ಗೇಟಿನಲ್ಲೇ ಬೇರೆ ಮಾಡಬೇಕು. ಇದೇ ಲಾಭ ವರ್ಷವಿಡೀ ಸಿಕ್ಕರೆ, ಫೆಬ್ರವರಿಯ ದರದಲ್ಲಿ ಖರ್ಚು ಕಳೆದು ವರ್ಷಕ್ಕೆ 48 ಲಕ್ಷ ರೂಪಾಯಿ ಉಳಿಯುತ್ತದೆ.

"ಮಳೆಗಾಲದಲ್ಲಿ ಡ್ರೈಯರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿಲ್ಲ. ಜುಲೈ, ಆಗಸ್ಟ್‌ನಲ್ಲಿ ಇನ್ನೂ 4 ಲಾಟ್ ಪರೀಕ್ಷಿಸುತ್ತೇವೆ, ಉರುವಲನ್ನೂ ಅಳೆಯುತ್ತೇವೆ. ಉರುವಲಿನ ಖರ್ಚು ಈಗಿನಷ್ಟೇ ಇದ್ದು, ಸರಾಸರಿ ಹೆಚ್ಚಳ 1.25 ಕೆಜಿ ದಾಟಿದರೆ ಸೆಪ್ಟೆಂಬರ್ 15ರೊಳಗೆ ಆರ್ಡರ್ ಕೊಡಬೇಕು. ಆಗ ಹೊಸ ತೊಗರಿ ಬರುವ ಡಿಸೆಂಬರ್‌ಗೆ ಯಂತ್ರ ಸಿದ್ಧವಿರುತ್ತದೆ. ದಾಟದಿದ್ದರೆ ಆ ಲೆಕ್ಕದಲ್ಲಿ ಬಂಡವಾಳ 2 ವರ್ಷದಲ್ಲಿ ವಾಪಸ್ ಬರುವುದಿಲ್ಲ, ಕೊಳ್ಳಬಾರದು. ಈಗ ಬೇಕಿರುವುದು ಪರೀಕ್ಷೆಗೆ ಮಾಲು ಮತ್ತು ಒಬ್ಬ ಸೂಪರ್‌ವೈಸರ್‌ಗೆ ತಮ್ಮ ಒಪ್ಪಿಗೆ."

ಕರಡಿಗಿಂತ ಇದು ಉದ್ದವಾಗಿದೆ, ಗಮನಿಸಿ. ಸಾರಾಂಶ ಅಂದರೆ ಚಿಕ್ಕದಿದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಓದುವವರ ಸಮಯ ಹೋಗುವುದು ಪದಗಳಿಂದ ಮಾತ್ರ ಅಲ್ಲ, ಮತ್ತೆ ಫೋನ್ ಮಾಡಿ ಕೇಳಬೇಕಾದಾಗಲೂ ಹೋಗುತ್ತದೆ. ಮೊದಲ ಎರಡು ವಾಕ್ಯದಲ್ಲೇ ಫಲ ಮತ್ತು ಶಿಫಾರಸು ಎರಡೂ ಬಂದಿರುವುದರಿಂದ ಅಷ್ಟೇ ಓದಿ ನಿಲ್ಲಿಸಿದವರಿಗೂ ವಿಷಯ ತಲುಪುತ್ತದೆ. ಮ್ಯಾನೇಜರ್ ಇದನ್ನು ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಆಗಿ ಮೊಬೈಲಿನಲ್ಲೇ ತೆರೆಯುವ ಸಾಧ್ಯತೆ ಹೆಚ್ಚು. ಆ ಎರಡು ವಾಕ್ಯ ಮೊದಲ ಪರದೆಯಲ್ಲೇ ಕಾಣಬೇಕು. ಮೇಲೆ ಲೋಗೋ, ಮುನ್ನುಡಿ ಸಾಲು ತುಂಬಿಸಿ ಅವನ್ನು ಕೆಳಗೆ ತಳ್ಳಬೇಡಿ.

ತಿದ್ದಿದ್ದು ಸರಿಯಾಗಿದೆಯೇ ಅಂತ ನೋಡಲು ನನಗೆ ತಿಳಿದ ಒಳ್ಳೆಯ ಪರೀಕ್ಷೆ ಒಂದೇ. ಡ್ರೈಯರ್ ಪರೀಕ್ಷೆಯಲ್ಲಿ ಭಾಗವಹಿಸದ ಒಬ್ಬರಿಗೆ ಕೊಡಿ. ಮಿಲ್‌ನ ಮುನೀಮರಾದರೆ ಬಹಳ ಒಳ್ಳೆಯದು, ದುಡ್ಡಿನ ಲೆಕ್ಕ ಅವರ ಕಣ್ಣು ತಪ್ಪುವುದಿಲ್ಲ. ಒಂದು ಸಲ ಓದಿಸಿ ಹಾಳೆ ವಾಪಸ್ ತೆಗೆದುಕೊಳ್ಳಿ. ಆಮೇಲೆ ಕೇಳಿ: ಏನು ಗೊತ್ತಾಯಿತು? ಅದನ್ನು ಯಾಕೆ ನಂಬಬೇಕು? ಯಾರು, ಯಾವಾಗ, ಏನು ಮಾಡಬೇಕು? ಮೊದಲನೆಯದಕ್ಕೂ ಕೊನೆಯದಕ್ಕೂ ಉತ್ತರ ಸಾಮಾನ್ಯವಾಗಿ ಬರುತ್ತದೆ. ನಡುವಿನದಕ್ಕೆ "ಟೆಸ್ಟ್ ಮಾಡ್ಯಾರಂತ" ಅಂದರೆ ಪುರಾವೆ ತಲುಪಿಲ್ಲ. "ಒಂದೇ ಮಾಲು ಎರಡು ಪಾಲು ಮಾಡಿ ನೋಡ್ಯಾರ" ಅಂದರೆ ತಲುಪಿದೆ. ಅವರು ತಡವರಿಸಿದ ಕಡೆ ಅವರಿಗೆ ವಿವರಿಸಲು ಹೋಗಬೇಡಿ, ಆ ವಾಕ್ಯವನ್ನೇ ಬದಲಿಸಿ. ಮ್ಯಾನೇಜರ್ ಓದುವಾಗ ಪಕ್ಕದಲ್ಲಿ ನಿಂತು ವಿವರಿಸಲು ನೀವು ಇರುವುದಿಲ್ಲ.

ಕೊನೆಗೆ, ಕಳಿಸುವ ದಿನ ಪೆನ್ಸಿಲ್ ಗುರುತುಗಳನ್ನು ಹಿಡಿದು ಪ್ರತಿ ಅಂಕಿಯನ್ನೂ ಒಳಗಿನ ಪುಟದ ಜೊತೆ ಮತ್ತೊಮ್ಮೆ ಹೋಲಿಸಿ. ತೊಗರಿ, ಬೇಳೆ, ನುಚ್ಚಿನ ದರ ವಾರದಿಂದ ವಾರಕ್ಕೆ ಏರಿಳಿಯುತ್ತವೆ. ಬೇಳೆಗೂ ನುಚ್ಚಿಗೂ ನಡುವಿನ ಅಂತರ 80ರಿಂದ 60 ರೂಪಾಯಿಗೆ ಇಳಿದರೆ 1.25 ಕೆಜಿಯ ಗಡಿ 1.7 ಕೆಜಿಯ ಹತ್ತಿರಕ್ಕೆ ಏರುತ್ತದೆ. ಅದಕ್ಕೇ ಸಾರಾಂಶದಲ್ಲಿ "ಫೆಬ್ರವರಿಯ ದರದಲ್ಲಿ" ಅನ್ನುವ ಎರಡು ಪದ ಇವೆ. ಜಾಗ ಉಳಿಸಲು ಯಾರಾದರೂ ಅವನ್ನು ಹೊಡೆದು ಹಾಕಿದರೆ ಮತ್ತೆ ಸೇರಿಸಿ.